ಹತ್ತರ ತಲೆಯ ಮೇಲೆ ಮೂವತ್ತೇಳು

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪುಸ್ತಕದಲ್ಲಿ, ವಿದ್ಯುದ್ರಸಾಯನದ ಅಧ್ಯಾಯದಲ್ಲಿ, ಒಂದು ದೈತ್ಯ ಸಂಖ್ಯೆ ಸದ್ದಿಲ್ಲದೆ ಕೂತಿದೆ. ಡೇನಿಯಲ್ ಕೋಶದ ಸಮತೋಲನ ಸ್ಥಿರಾಂಕ 2 × 10³⁷. ಎರಡು ಬರೆದು ಅದರ ಮುಂದೆ ಮೂವತ್ತೇಳು ಸೊನ್ನೆ. ಹುಡುಗರು ಲಾಗ್ ಟೇಬಲ್ ತಿರುವಿ ಉತ್ತರ ತಂದು, ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಸಂಖ್ಯೆ ಏನು ಹೇಳುತ್ತಿದೆ ಎಂದು ಕೇಳುವುದಕ್ಕೆ ಪರೀಕ್ಷೆಯಲ್ಲಿ ಅಂಕ ಇಲ್ಲ.

ಅದು ಹೇಳುವುದು ಇಷ್ಟು. ತಾಮ್ರದ ಅಯಾನುಗಳಿರುವ ನೀರಿಗೆ ಸತುವಿನ ಲೋಹ ಹಾಕಿದರೆ ಸತು ಕರಗುತ್ತದೆ, ತಾಮ್ರ ಲೋಹವಾಗಿ ಕೂರುತ್ತದೆ. ಎಲ್ಲ ಮುಗಿದು ಕ್ರಿಯೆ ನಿಂತಾಗ ದ್ರಾವಣದಲ್ಲಿರುವ ಸತುವಿನ ಅಯಾನುಗಳಿಗೂ ಅಳಿದುಳಿದ ತಾಮ್ರದ ಅಯಾನುಗಳಿಗೂ ಇರುವ ಅನುಪಾತವೇ ಸಮತೋಲನ ಸ್ಥಿರಾಂಕ. ಮೊದಲಿಗೆ ಲೀಟರಿಗೆ ಒಂದು ಮೋಲ್ ತಾಮ್ರ, ಒಂದು ಮೋಲ್ ಸತು ಇತ್ತು ಎನ್ನೋಣ. ಕೊನೆಯಲ್ಲಿ ಸತು ಎರಡು ಮೋಲ್ ಆಗುತ್ತದೆ, ತಾಮ್ರ ಲೀಟರಿಗೆ 10⁻³⁷ ಮೋಲ್‌ಗೆ ಇಳಿಯುತ್ತದೆ. ಒಂದು ಮೋಲ್ ಎಂದರೆ 6 × 10²³ ಕಣಗಳು. ಗುಣಿಸಿ ನೋಡಿದರೆ ಒಂದು ಲೀಟರಿನಲ್ಲಿ ಒಂದು ಅಯಾನೂ ಉಳಿದಿಲ್ಲ. ತುಂಬಿದ ಕನ್ನಂಬಾಡಿ ಕಟ್ಟೆಯಲ್ಲಿ 49.45 ಟಿಎಂಸಿ ನೀರು ಹಿಡಿಯುತ್ತದೆ. ಅಂಥ ಹನ್ನೆರಡು ಕಟ್ಟೆಗಳ ತುಂಬ ಈ ದ್ರಾವಣವೇ ಇದ್ದರೆ, ಅಷ್ಟರಲ್ಲೂ ಸೇರಿ ಸರಾಸರಿ ಒಂದೇ ಒಂದು ತಾಮ್ರದ ಅಯಾನು ಸಿಗುತ್ತದೆ.

ಅದನ್ನು ಎಣಿಸಿದವರು ಯಾರು? ಯಾರೂ ಇಲ್ಲ, ಎಣಿಸಲು ಸಾಧ್ಯವೂ ಇಲ್ಲ. ಎರಡು ತಂತಿ ಸಿಕ್ಕಿಸಿ ವೋಲ್ಟ್‌ಮೀಟರ್ ನೋಡಿದರು, ಅದು 1.10 ವೋಲ್ಟ್ ತೋರಿಸಿತು. ಮಿಕ್ಕದ್ದು ಕಾಗದದ ಮೇಲಿನ ಲೆಕ್ಕ. ಮೀಟರಿನ ಒಂದು ಪುಟ್ಟ ಅಂಕಿಯಿಂದ ಹತ್ತರ ತಲೆಯ ಮೇಲೆ ಮೂವತ್ತೇಳು ಹೊರಟು ಬರುವ ದಾರಿ ನೋಡುವಂಥದ್ದು.

ಮೊದಲು ಕೋಶ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರೊಫೆಸರಾಗಿದ್ದ ಜಾನ್ ಫ್ರೆಡೆರಿಕ್ ಡೇನಿಯಲ್ 1836ರಲ್ಲಿ ಇದನ್ನು ಕಟ್ಟಿದ. ಅದಕ್ಕೂ ಮೊದಲು, 1800ರಲ್ಲಿ, ವೋಲ್ಟಾ ಮಾಡಿದ ಬಿಲ್ಲೆಗಳ ರಾಶಿ ವಿದ್ಯುತ್ತೇನೋ ಕೊಡುತ್ತಿತ್ತು, ಆದರೆ ತಾಮ್ರದ ಮೇಲೆ ಹೈಡ್ರೋಜನ್ ಗುಳ್ಳೆ ಕವಿದು ಬೇಗನೆ ಸೊರಗುತ್ತಿತ್ತು. ಡೇನಿಯಲ್ ಗುಳ್ಳೆಯೇ ಹುಟ್ಟದ ಏರ್ಪಾಟು ಮಾಡಿದ. ತಾಮ್ರದ ತಗಡನ್ನು ತಾಮ್ರದ ಸಲ್ಫೇಟಿನಲ್ಲೇ ಇಟ್ಟ. ಅಡಿಕೆ ತೋಟದವರು ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೇ ಅದು. ಈಗ ತಗಡಿನ ಮೇಲೆ ಹೈಡ್ರೋಜನ್ ಬದಲು ತಾಮ್ರವೇ ಬಂದು ಕೂರುತ್ತದೆ. ಸತುವಿನ ಕಡ್ಡಿ ಬೇರೆ ಕೋಣೆಯಲ್ಲಿ. ಎರಡೂ ದ್ರಾವಣಗಳು ಬೆರೆಯದಂತೆ, ಆದರೆ ಅಯಾನುಗಳು ನುಸುಳುವಂತೆ ನಡುವೆ ಒಂದು ತಡೆ ಬೇಕಿತ್ತು. ಅದಕ್ಕೆ ಅವನು ಮೊದಲು ಬಳಸಿದ್ದು ಎತ್ತಿನ ಅನ್ನನಾಳದ ಪೊರೆಯನ್ನು. ಆಮೇಲೆ ಸುಟ್ಟ ಮಣ್ಣಿನ ಪಾತ್ರೆ ಬಂತು, ಕಾಲೇಜು ಪ್ರಯೋಗಾಲಯಗಳಲ್ಲಿ ಈಗ ಲವಣ ಸೇತುವೆ ಇದೆ.

ಆ ತಡೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಸತುವಿನ ಮೇಲೆ ಕಪ್ಪಗೆ, ಸ್ಪಂಜಿನಂಥ ತಾಮ್ರ ಕಟ್ಟಿಕೊಳ್ಳುತ್ತದೆ, ನೀಲಿ ಬಣ್ಣ ಕರಗುತ್ತದೆ, ದ್ರಾವಣ ಬೆಚ್ಚಗಾಗುತ್ತದೆ. ಕ್ರಿಯೆ ನಡೆಯಿತು, ಆದರೆ ಶಕ್ತಿಯೆಲ್ಲ ಬಿಸಿಯಾಗಿ ಹೋಯಿತು. ಕೋಶ ಮಾಡುವ ಕೆಲಸ ಎಲೆಕ್ಟ್ರಾನುಗಳಿಗೆ ಅಡ್ಡದಾರಿ ಮುಚ್ಚಿ, ಹೊರಗಿನ ತಂತಿಯಲ್ಲೇ ಹೋಗಿ ಎನ್ನುವುದು. ಒಂದು ಮೋಲ್ ಸತು, ಅಂದರೆ 65.4 ಗ್ರಾಂ, ಹೀಗೆ ಕರಗಿದಾಗ ತಂತಿಯಲ್ಲಿ ಎರಡು ಮೋಲ್ ಎಲೆಕ್ಟ್ರಾನ್ ಸಾಗುತ್ತವೆ. ಒಂದು ಮೋಲ್ ಎಲೆಕ್ಟ್ರಾನಿನ ಆವೇಶ 96,485 ಕೂಲಂಬ್, ಇದಕ್ಕೆ ಫ್ಯಾರಡೆ ಸ್ಥಿರಾಂಕವೆಂದು ಹೆಸರು. ಎರಡರಿಂದ ಗುಣಿಸಿ, 1.10 ವೋಲ್ಟಿನಿಂದ ಗುಣಿಸಿದರೆ ಸುಮಾರು 212 ಕಿಲೋಜೂಲ್. ತಡೆಯಿಲ್ಲದೆ ಬೆರೆಸಿದ್ದರೆ ಹೊರಬರುತ್ತಿದ್ದ ಶಾಖ ಸುಮಾರು 218 ಕಿಲೋಜೂಲ್. ಅಂದರೆ ಬಿಸಿಯಾಗಿ ಪೋಲಾಗುತ್ತಿದ್ದುದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕೋಶವು ಕೆಲಸವಾಗಿ ಕೊಡಬಲ್ಲದು. ಆದರೆ ಅದಕ್ಕೊಂದು ಷರತ್ತು: ವಿದ್ಯುತ್ತನ್ನು ತೀರ ನಿಧಾನವಾಗಿ ಎಳೆಯಬೇಕು.

ವೋಲ್ಟೇಜ್ ಎಂದರೆ ಏನು ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಒಂದು ಕೂಲಂಬ್ ಆವೇಶ ತಂತಿ ದಾಟಿದಾಗ ಕ್ರಿಯೆಯು ಎಷ್ಟು ಕೆಲಸ ಮಾಡಬಲ್ಲದು ಎನ್ನುವುದೇ ಕೋಶದ ವಿಭವ. ಅದು ಲೋಹದ ತುಂಡಿನ ಗಾತ್ರಕ್ಕೆ ಸಂಬಂಧಿಸಿದ್ದಲ್ಲ. ಸತುವಿನ ಕಡ್ಡಿ ಬೆರಳುದ್ದ ಇರಲಿ, ಮೊಳದುದ್ದ ಇರಲಿ, ಓದು ಒಂದೇ. ದೊಡ್ಡ ಕಡ್ಡಿ ಹೆಚ್ಚು ಹೊತ್ತು ಬಾಳುತ್ತದೆ, ಅಷ್ಟೆ.

1.10 ಬಂದದ್ದು ಎರಡು ಅಂಕಿಗಳ ಅಂತರದಿಂದ. ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆ ಎಂದು ಇಟ್ಟುಕೊಂಡರೆ ತಾಮ್ರದ್ದು +0.34 ವೋಲ್ಟ್, ಸತುವಿನದು −0.76 ವೋಲ್ಟ್. ಇವೆರಡೂ ಪ್ರಮಾಣ ವಿಭವಗಳು: ದ್ರಾವಣದಲ್ಲಿ ಅಯಾನುಗಳು ಲೀಟರಿಗೆ ಒಂದು ಮೋಲ್ ಇದ್ದಂತೆ ಎಂಬ ಕರಾರಿನ ಮೇಲೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೇಳುವ ಬೆಲೆಗಳು. ಈ ಪ್ರಮಾಣ ವಿಭವವನ್ನು E° ಎಂದೂ, ಮೀಟರಿನಲ್ಲಿ ಈ ಗಳಿಗೆಗೆ ಕಾಣುವುದನ್ನು ಬರೇ E ಎಂದೂ ಬರೆಯುತ್ತಾರೆ. ಆ ಪುಟ್ಟ ಸೊನ್ನೆಯನ್ನು ಕಡೆಗಣಿಸಿದವರು ಮುಂದೆ ಪೇಚಿಗೆ ಸಿಗುತ್ತಾರೆ.

ಕೋಶ ಕೆಲಸ ಮಾಡುತ್ತಾ ಹೋದಂತೆ ತಾಮ್ರದ ಅಯಾನು ಕಡಿಮೆಯಾಗುತ್ತದೆ, ಸತುವಿನದು ಹೆಚ್ಚುತ್ತದೆ. ಆಗ ವೋಲ್ಟೇಜ್ ಇಳಿಯಬೇಕು. ಎಷ್ಟು? ಇದಕ್ಕೆ ಉತ್ತರ ಕೊಟ್ಟವನು ವಾಲ್ಟರ್ ನೆರ್ನ್‌ಸ್ಟ್, 1889ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಲೈಪ್‌ಜಿಗ್‌ನ ಓಸ್ಟ್‌ವಾಲ್ಡ್ ಪ್ರಯೋಗಾಲಯದಲ್ಲಿದ್ದಾಗ. ಲೋಹಗಳಿಗೆ ದ್ರಾವಣದೊಳಕ್ಕೆ ಅಯಾನುಗಳನ್ನು ತಳ್ಳುವ ಒಂದು ಒತ್ತಡವಿದೆ ಎಂದು ಅವನು ಊಹಿಸಿ ಸಮೀಕರಣ ಪಡೆದ. ಆ ಒತ್ತಡದ ಚಿತ್ರವನ್ನು ಈಗ ಯಾರೂ ನೆಚ್ಚುವುದಿಲ್ಲ, ಸಮೀಕರಣ ಮಾತ್ರ ಅಲ್ಲಾಡದೆ ನಿಂತಿದೆ. 1920ರ ನೊಬೆಲ್ ಬಹುಮಾನ ಅವನಿಗೆ ಬಂದದ್ದೂ ಇದಕ್ಕಲ್ಲ, ಉಷ್ಣರಸಾಯನದ ಕೆಲಸಕ್ಕೆ. ಸಮೀಕರಣ ಹೀಗಿದೆ, 25 ಡಿಗ್ರಿಯಲ್ಲಿ:

E = E° − (0.0592 / n) log Q

ಇಲ್ಲಿ n ಎಂದರೆ ಕ್ರಿಯೆಯಲ್ಲಿ ಕೈಬದಲಾಗುವ ಎಲೆಕ್ಟ್ರಾನುಗಳು, ನಮ್ಮ ಕೋಶದಲ್ಲಿ ಎರಡು. Q ಎಂದರೆ ಈ ಗಳಿಗೆಯಲ್ಲಿ ಸತುವಿನ ಅಯಾನಿಗೂ ತಾಮ್ರದ ಅಯಾನಿಗೂ ಇರುವ ಅನುಪಾತ. 0.0592 ಎಲ್ಲಿಂದಲೋ ಉದುರಿದ್ದಲ್ಲ. ಅನಿಲ ಸ್ಥಿರಾಂಕವನ್ನು ಕೆಲ್ವಿನ್ ತಾಪದಿಂದ ಗುಣಿಸಿ, ಫ್ಯಾರಡೆ ಸ್ಥಿರಾಂಕದಿಂದ ಭಾಗಿಸಿ, ಲಾಗ್‌ನ ಆಧಾರ ಬದಲಿಸಲು 2.303ರಿಂದ ಗುಣಿಸಿದರೆ ಬರುವ ಬೆಲೆ ಅದು. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ಇದ್ದರೆ ಅದು 0.062 ಆಗುತ್ತದೆ.

ಈಗ ಕೋಶವನ್ನು ಓಡಿಸೋಣ. ಎರಡೂ ಕಡೆ ಲೀಟರಿಗೆ ಒಂದು ಮೋಲ್‌ನಿಂದ ಶುರು. Q ಒಂದು, ಒಂದರ ಲಾಗ್ ಸೊನ್ನೆ, ಆದ್ದರಿಂದ ಮೀಟರಿನಲ್ಲಿ 1.10. ತಾಮ್ರದ ಅಯಾನುಗಳಲ್ಲಿ ನೂರಕ್ಕೆ ತೊಂಬತ್ತು ಖರ್ಚಾದವು ಎನ್ನಿ. ಉಳಿದ ತಾಮ್ರ 0.1, ಸತು 1.9, Q ಹತ್ತೊಂಬತ್ತು. ಲೆಕ್ಕ ಹಾಕಿದರೆ 1.06 ವೋಲ್ಟ್. ತೊಂಬತ್ತೊಂಬತ್ತು ಪಾಲು ಖರ್ಚಾದಾಗ 1.03. ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಾಗ 1.00. ದಾಸ್ತಾನು ಹೆಚ್ಚುಕಡಿಮೆ ಬರಿದಾಗಿದೆ, ವೋಲ್ಟೇಜ್ ಇಳಿದದ್ದು ಹತ್ತನೇ ಒಂದು ಪಾಲೂ ಅಲ್ಲ!

ಲಾಗ್‌ನ ಗುಣವೇ ಇದು. ತಾಮ್ರ ಹತ್ತು ಪಟ್ಟು ಇಳಿದಾಗಲೆಲ್ಲ ವೋಲ್ಟೇಜ್ ಸುಮಾರು 30 ಮಿಲಿವೋಲ್ಟ್ ಮಾತ್ರ ಇಳಿಯುತ್ತದೆ. ಅದಕ್ಕೇ ಮೀಟರಿನ ಓದು ನೋಡಿ ಕೋಶದಲ್ಲಿ ಎಷ್ಟು ಉಳಿದಿದೆ ಎಂದು ಅಂದಾಜಿಸುವುದು ಕಷ್ಟ. ಕೋಶ ಕೆಲಸ ನಿಲ್ಲಿಸುವುದೂ ಸಾಮಾನ್ಯವಾಗಿ ಸಮೀಕರಣ ಸೊನ್ನೆ ಮುಟ್ಟಿತೆಂದಲ್ಲ. ತಗಡಿನ ಹತ್ತಿರಕ್ಕೆ ತಾಮ್ರದ ಅಯಾನುಗಳು ಬೇಕಾದಷ್ಟು ಬೇಗ ಬರಲಾರವು, ಒಳಗಿನ ರೋಧ ಏರಿರುತ್ತದೆ. ಖಾಲಿ ಮೀಟರಿಗೆ ಒಳ್ಳೆಯ ಅಂಕಿ ತೋರಿಸುವ ಸೆಲ್ಲು ಬಲ್ಬ್ ಸಿಕ್ಕಿಸಿದ ಕೂಡಲೇ ಕುಸಿಯುವುದು ಇದರಿಂದಲೇ. ನೆರ್ನ್‌ಸ್ಟ್ ಸಮೀಕರಣ ವಿದ್ಯುತ್ ಹರಿಯದ ಸ್ಥಿತಿಯ ಮಾತು. ಹರಿಯುವಾಗಿನ ನಷ್ಟಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಆದರೂ, ಕಾಗದದ ಮೇಲೆ, ಸೊನ್ನೆಯವರೆಗೂ ಹೋಗೋಣ. ಒಂದೊಂದು ಹತ್ತು ಪಟ್ಟಿಗೆ 30 ಮಿಲಿವೋಲ್ಟ್‌ನಂತೆ ಇಳಿದು 1100 ಮಿಲಿವೋಲ್ಟ್ ಪೂರ್ತಿ ತೀರಬೇಕಾದರೆ ಎಷ್ಟು ಮೆಟ್ಟಿಲು ಬೇಕು? 1100ನ್ನು 29.6ರಿಂದ ಭಾಗಿಸಿ: ಮೂವತ್ತೇಳು ಮತ್ತು ಚೂರು. ಅಷ್ಟು ಸಲ ಹತ್ತರಿಂದ ಗುಣಿಸಿದಾಗ Q ಎಷ್ಟಾಗಿರುತ್ತದೋ ಅದೇ 10³⁷. ಮೀಟರು ಸೊನ್ನೆ ತೋರಿಸಿದಾಗ ಯಾವ ದಿಕ್ಕಿಗೂ ಎಳೆತ ಇಲ್ಲ, ಕ್ರಿಯೆ ಸಮತೋಲನದಲ್ಲಿದೆ. ಸಮತೋಲನದಲ್ಲಿ Qಗೆ K ಎಂದು ಹೆಸರು. ಪಠ್ಯದ ಸೂತ್ರ, log K = nE° / 0.0592, ಇಷ್ಟನ್ನೇ ಒಂದು ಸಾಲಿನಲ್ಲಿ ಹೇಳುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಸಮತೋಲನದಲ್ಲಿ ಸೊನ್ನೆಯಾಗುವುದು E, E° ಅಲ್ಲ. E° ಕೋಶದ ಹುಟ್ಟುಗುಣ. ಕೋಶ ಹೊಸದಿರಲಿ, ಸತ್ತಿರಲಿ, 1.10 ಆಗಿಯೇ ಇರುತ್ತದೆ. ಅದು ಸೊನ್ನೆಯಾಗುತ್ತದೆಂದು ಬರೆದರೆ ಲೋಕದ ಎಲ್ಲ ಕ್ರಿಯೆಗಳ K ಒಂದೇ ಎಂದು ಹೇಳಿದಂತಾಗುತ್ತದೆ. ಇನ್ನೊಂದು ಗೊಂದಲ, ಸಮೀಕರಣವನ್ನು ಇಮ್ಮಡಿಸಿ ಬರೆದರೆ ವೋಲ್ಟೇಜೂ ಇಮ್ಮಡಿಸುತ್ತದೆಯೇ ಎಂಬುದು. ಇಲ್ಲ. ಎಲೆಕ್ಟ್ರಾನುಗಳ ಲೆಕ್ಕ ಎರಡರಿಂದ ನಾಲ್ಕಾಗುತ್ತದೆ, K ತನ್ನ ವರ್ಗವಾಗುತ್ತದೆ, ಮೀಟರಿಗೆ ನಾವು ಕಾಗದದ ಮೇಲೆ ಹೇಗೆ ಬರೆದೆವೆನ್ನುವುದು ಗೊತ್ತೇ ಇರುವುದಿಲ್ಲ.

ಇನ್ನು ಆ 2 ಎಂಬ ಮೊದಲ ಅಂಕಿ. ಪಠ್ಯದಲ್ಲಿ 0.0592 ಬದಲು 0.059 ಇಟ್ಟು ಲೆಕ್ಕ ಹಾಕಿದ್ದರಿಂದ 2 ಬಂದಿದೆ. 0.0592 ಇಟ್ಟರೆ ಸುಮಾರು 1.5 ಬರುತ್ತದೆ, ನಮ್ಮ ಹನ್ನೆರಡು ಕಟ್ಟೆಗಳು ಒಂಬತ್ತಕ್ಕೆ ಇಳಿಯುತ್ತವೆ. ವೋಲ್ಟೇಜಿನಲ್ಲಿ ಹತ್ತು ಮಿಲಿವೋಲ್ಟ್ ತಪ್ಪಿದರೂ K ಎರಡು ಪಟ್ಟಿಗಿಂತ ಹೆಚ್ಚು ಅತ್ತಿತ್ತ ಆಗುತ್ತದೆ. ಮೂವತ್ತೇಳನ್ನು ನಂಬಬಹುದು, ಅದರ ಹಿಂದಿನ ಅಂಕಿಯನ್ನು ಬಲವಾಗಿ ಹಿಡಿದುಕೊಳ್ಳಬಾರದು.

ಡೇನಿಯಲ್ ಕೋಶದಲ್ಲಿ ಸಮತೋಲನ ಎಂಬುದು ಕೈಗೆಟುಕದ ದೂರದಲ್ಲಿದೆ. ಅದನ್ನು ನಿಜವಾಗಿ ಕಾಣಬೇಕಾದರೆ ತವರ ಮತ್ತು ಸೀಸದ ಜೋಡಿ ನೋಡಬೇಕು. ತವರದ ಪ್ರಮಾಣ ವಿಭವ ಸುಮಾರು −0.14, ಸೀಸದ್ದು −0.13. ಅಂತರ ಬರೇ 0.01 ವೋಲ್ಟ್. ಸೂತ್ರಕ್ಕೆ ಹಾಕಿದರೆ K ಎರಡರ ಆಸುಪಾಸು. ಸೀಸದ ಅಯಾನುಗಳಿರುವ ದ್ರಾವಣಕ್ಕೆ ತವರ ಹಾಕಿದರೆ ಸ್ವಲ್ಪ ಸೀಸ ಹೊರಬಿದ್ದು ಕ್ರಿಯೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಇನ್ನೂ ಸ್ವಾರಸ್ಯವೆಂದರೆ, ದ್ರಾವಣದಲ್ಲಿ ತವರದ ಅಯಾನು ಸೀಸದ್ದಕ್ಕಿಂತ ಹತ್ತು ಪಟ್ಟು ಇದ್ದರೆ Q ಆಗಲೇ Kಯನ್ನು ದಾಟಿರುತ್ತದೆ, E ಋಣವಾಗುತ್ತದೆ, ಕೋಶ ಹಿಂದುಮುಂದಾಗಿ ಓಡುತ್ತದೆ. ಈಗ ಸೀಸ ಕರಗಿ ತವರ ಕೂರುತ್ತದೆ. ಮೀಟರಿನ ಮುಳ್ಳು ಯಾವ ಕಡೆ ವಾಲುತ್ತದೆಂಬುದು ಲೋಹದ ಜಾತಿಯಿಂದಲ್ಲ, ಅದರ ಜೊತೆ ದ್ರಾವಣದಲ್ಲಿ ಎಷ್ಟಿದೆ ಎಂಬುದರಿಂದಲೂ ತೀರ್ಮಾನವಾಗುತ್ತದೆ. ಲೋಹಗಳ ಪಟ್ಟಿಯಲ್ಲಿ ಮೇಲಿನದು ಕೆಳಗಿನದನ್ನು ಯಾವಾಗಲೂ ಹೊರದೂಡುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿಸುವ ಮಾತು ಅಂತರ ದೊಡ್ಡದಿದ್ದಾಗ ಮಾತ್ರ ಸರಿ.

ರಸಾಯನಜ್ಞರಿಗೆ ಈ ನಂಟು ನಿಜವಾಗಿ ಒದಗಿದ್ದು ಡೇನಿಯಲ್ ಕೋಶದಂಥ ದೈತ್ಯ ಸಂಖ್ಯೆಗಳಲ್ಲಿ ಅಲ್ಲ, ತೀರ ಚಿಕ್ಕ ಸಂಖ್ಯೆಗಳಲ್ಲಿ. ಬೆಳ್ಳಿಯ ಕ್ಲೋರೈಡು ನೀರಿನಲ್ಲಿ ಕರಗುವುದಿಲ್ಲ ಎನ್ನುತ್ತೇವೆ. ಕರಗುತ್ತದೆ, ಲೀಟರಿಗೆ ಎರಡು ಮಿಲಿಗ್ರಾಮಿಗೂ ಕಡಿಮೆ. ಅದನ್ನು ತಕ್ಕಡಿಯಲ್ಲಿ ಹಿಡಿಯುವುದು ಪೀಕಲಾಟ. ಬದಲಿಗೆ ಎರಡು ಬೆಳ್ಳಿ ತಂತಿ ತೆಗೆದುಕೊಂಡು ಒಂದನ್ನು ಬೆಳ್ಳಿಯ ಅಯಾನುಗಳಿರುವ ದ್ರಾವಣದಲ್ಲಿ, ಕ್ಲೋರೈಡು ಲೇಪಿಸಿದ ಇನ್ನೊಂದನ್ನು ಕ್ಲೋರೈಡ್ ಅಯಾನುಗಳಿರುವ ದ್ರಾವಣದಲ್ಲಿ ಇಡುತ್ತಾರೆ. ಮೊದಲನೆಯದರ ಪ್ರಮಾಣ ವಿಭವ 0.7996 ವೋಲ್ಟ್, ಎರಡನೆಯದರದು 0.2223. ಕರಗುವ ದಿಕ್ಕಿನಲ್ಲಿ ಬರೆದರೆ ಅಂತರ −0.577. ಇಲ್ಲಿ ಸಾಗುವುದು ಒಂದೇ ಎಲೆಕ್ಟ್ರಾನ್, ಆದ್ದರಿಂದ ಲಾಗ್ −9.75, ಸ್ಥಿರಾಂಕ 1.8 × 10⁻¹⁰. ಕರಗುವುದನ್ನು ಕಾಣಲೇ ಆಗದ ಪುಡಿ ಎಷ್ಟು ಕರಗುತ್ತದೆ ಎಂದು ಎರಡು ತಂತಿ ಹೇಳಿಬಿಟ್ಟವು.

ಮಣ್ಣು, ನೀರಿನ ಪರೀಕ್ಷೆಗೆ ಬಳಸುವ ಪಿಎಚ್ ಮೀಟರಿನ ಒಳಗೂ ಇದೇ ಸಮೀಕರಣ ಇದೆ. ಹೈಡ್ರೋಜನ್ ಅಯಾನು ಹತ್ತು ಪಟ್ಟು ಬದಲಾದರೆ, ಅಂದರೆ ಪಿಎಚ್ ಒಂದು ಅಂಕಿ ಬದಲಾದರೆ, 25 ಡಿಗ್ರಿಯಲ್ಲಿ 59 ಮಿಲಿವೋಲ್ಟ್. ಮೀಟರಿನಲ್ಲಿ ತಾಪ ಸರಿಹೊಂದಿಸುವ ಏರ್ಪಾಟು ಇರುವುದು ಅದಕ್ಕೆ.

ಇಷ್ಟು ಓದಿದ ಮೇಲೆ ಕೈಯಾರೆ ಮಾಡಿ ನೋಡಬೇಕೆನಿಸಿದರೆ ಒಂದು ಎಚ್ಚರಿಕೆ. ಮೈಲುತುತ್ತದ ಕಡೆ 0.1 ಮೋಲ್ ದ್ರಾವಣ ಇಟ್ಟು ಓದಿಕೊಳ್ಳಿ, ಅದನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓದಿ. ಸೂತ್ರದ ಪ್ರಕಾರ 30 ಮಿಲಿವೋಲ್ಟ್ ಇಳಿಯಬೇಕು. ಇಳಿಯುವುದು ಸುಮಾರು ಹದಿನೇಳೋ ಹದಿನೆಂಟೋ. ಮೀಟರು ಕೆಟ್ಟಿಲ್ಲ. ಎರಡು ಧನ ಆವೇಶದ ತಾಮ್ರವೂ ಎರಡು ಋಣ ಆವೇಶದ ಸಲ್ಫೇಟೂ ಗಟ್ಟಿ ದ್ರಾವಣದಲ್ಲಿ ಒಂದನ್ನೊಂದು ಎಳೆದು ಹಿಡಿದಿರುತ್ತವೆ. ಕರಗಿರುವ ತಾಮ್ರದಲ್ಲಿ ಆರನೇ ಒಂದು ಪಾಲಿನಷ್ಟು ಮಾತ್ರ ಬಿಡುವಾಗಿರುವಂತೆ ವರ್ತಿಸುತ್ತದೆ. ತೆಳುಮಾಡಿದಾಗ ಹಿಡಿತ ಸಡಿಲಗೊಂಡು ಈ ಪಾಲು ಏರುತ್ತದೆ, ಇಳಿಕೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಸಮೀಕರಣ ನಿಜವಾಗಿ ಕೇಳುವುದು ಈ ಪರಿಣಾಮಕಾರಿ ಪ್ರಮಾಣವನ್ನು, ಅದಕ್ಕೆ ಸಕ್ರಿಯತೆ ಎನ್ನುತ್ತಾರೆ. ಸುಲಭ ಎಂದು ನಾವು ಸಾರತೆಯನ್ನು ಹಾಕುತ್ತೇವೆ. ಎಲ್ಲ ದ್ರಾವಣಗಳಿಗೂ ಧಾರಾಳವಾಗಿ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿಟ್ಟರೆ ಅಯಾನುಗಳ ಈ ಎಳೆದಾಟ ಎರಡೂ ಓದುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಇಳಿಕೆ 30ರ ಹತ್ತಿರಕ್ಕೆ ಬರುತ್ತದೆ. ವಿದ್ಯಾರ್ಥಿಗಳು ದಾಖಲೆ ಪುಸ್ತಕದಲ್ಲಿ ಸೂತ್ರದ ಅಂಕಿಗೆ ಹೊಂದುವಂತೆ ಓದನ್ನು ತಿದ್ದಿ ಬರೆಯುವುದು ಇಂಥ ಕಡೆಯೇ. ದಯವಿಟ್ಟು ಹದಿನೇಳು ಬಂದರೆ ಹದಿನೇಳೇ ಬರೆಯಿರಿ. ಮೈಲುತುತ್ತವನ್ನು ಅಡುಗೆಯ ಪಾತ್ರೆಯಲ್ಲಿ ಕರಗಿಸಬೇಡಿ, ಅದು ವಿಷ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯನ್ನಂತೂ ತಾನೇ ತಿಂದು ತಾಮ್ರ ಉದುರಿಸುತ್ತದೆ. ಗಾಜಿನ ಲೋಟ ಬಳಸಿ, ಮಿಕ್ಕಿದ್ದನ್ನು ಕೆರೆ ಬಾವಿಗೆ ಸೇರುವ ಮೋರಿಗೆ ಚೆಲ್ಲಬೇಡಿ.